ದರ್ಶನಕ್ಕೆ ಒಂದು ರೇಟು, ಎಣಿಕೆಗೆ ಒಂದು ರೇಟು

ಅಕ್ಕನ ಮಗ ಬಿ.ಕಾಂ. ಮೊದಲ ಸೆಮಿಸ್ಟರ್ ಅಕೌಂಟಿಂಗ್‌ನಲ್ಲಿ 80ಕ್ಕೆ 21 ತಗೊಂಡ. ಪಾಸಾಗೋಕೆ 28 ಬೇಕು. ಮಾರ್ಕ್ಸ್ ಜೊತೆ ಮೊಬೈಲಿನಲ್ಲಿ ಮರು ಎಣಿಕೆ, ಮರು ಮೌಲ್ಯಮಾಪನದ ಬಗ್ಗೆ ವಿಶ್ವವಿದ್ಯಾಲಯದ ಒಂದು ಸುತ್ತೋಲೆಯನ್ನೂ ತಂದು ಮುಂದೆ ಹಿಡಿದ. ‘ಮಾಮ, ಇದು ಕನ್ನಡಾನೇ ಅಲ್ವಾ? ಏನು ಮಾಡಬೇಕು ಅಂತ ಹೇಳಿದ್ದಾರೆ?’

ನೋಡಪ್ಪ, ಸುತ್ತೋಲೆಯನ್ನು ಮೇಲಿಂದ ಓದಬಾರದು. ಮೇಲಿರುವುದು ಉಲ್ಲೇಖ 1, 2, 3. ಅವೆಲ್ಲ ಬೇರೆ ಸುತ್ತೋಲೆಗಳು. ಕೆಳಗಿನ ‘ಪ್ರತಿಗಳು’ ಅನ್ನುವಲ್ಲಿಂದ ಶುರು ಮಾಡು. ಕುಲಪತಿಗಳ ಆಪ್ತ ಕಾರ್ಯದರ್ಶಿಗೆ ಒಂದು, ಹಣಕಾಸು ಅಧಿಕಾರಿಗೆ ಒಂದು, ಪ್ರಾಂಶುಪಾಲರಿಗೆಲ್ಲ ಒಂದೊಂದು, ಕೊನೆಗೆ ಕಚೇರಿ ಕಡತಕ್ಕೂ ಒಂದು. ಕಡತ ಪರೀಕ್ಷೆ ಬರೆದಿಲ್ಲ, ಫೇಲೂ ಆಗಿಲ್ಲ, ಆದರೂ ಅದಕ್ಕೆ ಪ್ರತಿ ಹೋಗಿದೆ. ನಿನಗೆ ಸಿಕ್ಕಿದ್ದು ಯಾರದೋ ಹೆಬ್ಬೆರಳು ಬಿದ್ದಿರುವ ಸೊಟ್ಟ ಸ್ಕ್ಯಾನು, ವಾಟ್ಸಾಪ್ ಕೃಪೆ. ಸಹಿಯಾಗಿದ್ದು 4ನೇ ತಾರೀಖು. ನಿನ್ನ ಕೈಗೆ ಬಂದಿದ್ದು 9, ಗುರುವಾರ. ಕೊನೇ ದಿನ 14. ನಡುವೆ ಎರಡನೇ ಶನಿವಾರ ಮತ್ತು ಭಾನುವಾರ. ಪ್ರಾಂಶುಪಾಲರ ಸಹಿ ಬೇಕು ಅಂತ ಬೇರೆ ಇದೆ.

ಇನ್ನು ಸೇವೆಗಳ ಪಟ್ಟಿ. ದೇವಸ್ಥಾನದ ಕೌಂಟರಿನಲ್ಲಿ ಬೋರ್ಡ್ ಹಾಕಿರುತ್ತಾರಲ್ಲ, ಹಾಗೆ. ಉತ್ತರ ಪತ್ರಿಕೆಯ ಫೋಟೊಕಾಪಿ ಅಂದರೆ ದರ್ಶನ, 500 ರೂಪಾಯಿ. ಮರು ಎಣಿಕೆ ಚಿಕ್ಕ ಸೇವೆ. ಅದರಲ್ಲಿ ಒಳಗಿನ ಮಾರ್ಕ್ಸ್ ಮುಖಪುಟಕ್ಕೆ ಸರಿಯಾಗಿ ಬಂದಿದೆಯಾ, ಕೂಡಿದ್ದು ಸರಿಯಾ, ಯಾವುದಾದರೂ ಉತ್ತರಕ್ಕೆ ಮಾರ್ಕ್ಸ್ ಹಾಕೋದೇ ಮರೆತಿದ್ದಾರಾ ಅಂತ ಮಾತ್ರ ನೋಡುತ್ತಾರೆ. ಮರು ಮೌಲ್ಯಮಾಪನ ದೊಡ್ಡ ಸೇವೆ. ಇನ್ನೊಬ್ಬರು ಮೊದಲಿಂದ ಓದಿ ಮಾರ್ಕ್ಸ್ ಕೊಡುತ್ತಾರೆ. ನಿನಗೆ ಯಾವುದು ಬೇಕು ಅನ್ನೋದು ಪತ್ರಿಕೆ ನೋಡಿದ ಮೇಲೆ ತಾನೇ ಗೊತ್ತಾಗೋದು? ಆದರೆ ಫೋಟೊಕಾಪಿ ಬರೋದು ಕೊನೇ ದಿನ ಕಳೆದ ಮೇಲೆ. ಅದಕ್ಕೇ ಜಾಣರು ಮೂರಕ್ಕೂ ದುಡ್ಡು ಕಟ್ಟುತ್ತಾರೆ. ಹಣಕಾಸು ಅಧಿಕಾರಿಗೆ ಪ್ರತಿ ಯಾಕೆ ಹೋಗುತ್ತದೆ ಅಂತ ಈಗ ಗೊತ್ತಾಯಿತಾ?

‘ಆರ್‌ಟಿಐ ಹಾಕಿದರೆ?’ ಅಂದ. ಹುಡುಗ ಚುರುಕು. ತಿದ್ದಿದ ಉತ್ತರ ಪತ್ರಿಕೆಯನ್ನು ವಿದ್ಯಾರ್ಥಿ ಮಾಹಿತಿ ಹಕ್ಕಿನಲ್ಲಿ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ. 32 ಪುಟದ ಪುಸ್ತಿಕೆಗೆ ಎಲ್ಲ ಸೇರಿ 74 ರೂಪಾಯಿ. ಆದರೆ ಉತ್ತರ ಕೊಡೋಕೆ ಅವರಿಗೆ 30 ದಿನ ಇದೆ, ನಿನಗಿರೋದು ಐದು. ಪತ್ರಿಕೆ ನೋಡುವ ಹಕ್ಕಿದೆ ಅಂದಮಾತ್ರಕ್ಕೆ ಮತ್ತೆ ತಿದ್ದಿಸಿಕೊಳ್ಳುವ ಹಕ್ಕು ಇದೆ ಅಂತಲ್ಲ, ಅದು ಆಯಾ ಸಂಸ್ಥೆಯ ನಿಯಮ ಅಂತಲೂ ಅದೇ ತೀರ್ಪು ಹೇಳುತ್ತದೆ.

ಅಸಲಿ ಕಲಾಕೃತಿ ಇರುವುದು ಮರು ಮೌಲ್ಯಮಾಪನದ ಕಂಡಿಕೆಯಲ್ಲಿ. ಇಬ್ಬರ ಮಾರ್ಕ್ಸ್ ನಡುವೆ ಶೇ 15ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಮೂರನೆಯವರಿಗೆ ಹೋಗುತ್ತದೆ, ಆಮೇಲೆ ಹತ್ತಿರದ ಎರಡರ ಸರಾಸರಿ. ಅಷ್ಟು ವ್ಯತ್ಯಾಸ ಇಲ್ಲದಿದ್ದರೆ ಮೊದಲೆರಡರದೇ ಸರಾಸರಿ. 80ಕ್ಕೆ ಶೇ 15 ಅಂದರೆ 12. ಈಗ ಲೆಕ್ಕ ಹಾಕು. ಎರಡನೆಯವರು ಓದಿ, ಪರವಾಗಿಲ್ಲ ಅಂತ 32 ಕೊಟ್ಟರು ಅನ್ನೋಣ. ವ್ಯತ್ಯಾಸ 11. ಸರಾಸರಿ ಇಪ್ಪತ್ತಾರೂವರೆ. ಅವರು ಪಾಸ್ ಮಾಡಿದರೂ ನೀನು ಫೇಲು. ಅದೇ ಅವರು ಧಾರಾಳವಾಗಿ 40 ಕೊಟ್ಟರೆ ವ್ಯತ್ಯಾಸ 19, ಪತ್ರಿಕೆ ಮೂರನೆಯವರ ಮೇಜಿಗೆ. ಅವರು 34 ಕೊಟ್ಟರೆ 34ಕ್ಕೂ 40ಕ್ಕೂ ಸರಾಸರಿ 37, ಪಾಸು. ಅಂದರೆ ಒಳ್ಳೇ ಮೌಲ್ಯಮಾಪಕರು ಸಿಗಲಿ ಅಂತ ಹರಕೆ ಹೊತ್ತರೆ ಸಾಲದು, ಮೊದಲನೆಯವರ ಜೊತೆ ಚೆನ್ನಾಗಿ ಜಗಳ ಆಡುವಂಥವರು ಸಿಗಬೇಕು.

ಇದೆಲ್ಲ ನಕ್ಕು ಹೇಳಬಹುದು. ಆದರೆ ಮರು ಮೌಲ್ಯಮಾಪನದ ಫಲಿತಾಂಶ ಬರೋ ಮುಂಚೆಯೇ ಬ್ಯಾಕ್‌ಲಾಗ್ ಪರೀಕ್ಷೆ ಶುಲ್ಕದ ಕೊನೇ ದಿನ ಮುಗಿಯುತ್ತದೆ. ಕಟ್ಟದಿದ್ದರೆ ಒಂದು ಅವಕಾಶ ಹೋಯಿತು. ಕಟ್ಟಿ, ಆಮೇಲೆ ಪಾಸ್ ಅಂತ ಬಂದರೆ ದುಡ್ಡು ಹೋಯಿತು, ‘ಯಾವುದೇ ಕಾರಣಕ್ಕೂ ಹಿಂದಿರುಗಿಸಲಾಗುವುದಿಲ್ಲ’ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ತಪ್ಪು ತಿದ್ದಿದವರದು, ದಂಡ ಹುಡುಗನದು. ನಮ್ಮಕ್ಕ ಒಂದು ತಿಂಗಳು ಹಾಲು ಹಾಕಿದ ದುಡ್ಡು ಈ ಪಟ್ಟಿಗೇ ಹೋಯಿತು. ಯಾರೂ ಇದನ್ನು ಬೇಕೂಂತ ಮಾಡಿಲ್ಲ, ನಿಜ. ಕ್ಯಾಲೆಂಡರ್ ಮುಂದೆ ಇಟ್ಟುಕೊಂಡು ಹತ್ತು ನಿಮಿಷ ಯೋಚನೆಯನ್ನೂ ಯಾರೂ ಮಾಡಿಲ್ಲ. ನನಗೂ ಬೈದು ಬೈದು ಸಾಕಾಗಿದೆ.

ಫೋಟೊಕಾಪಿ 23ಕ್ಕೆ ಬಂತು. ಇಬ್ಬರೂ ಊಟದ ಟೇಬಲ್ ಮೇಲೆ ಹರಡಿಕೊಂಡು ಕೂತೆವು. 14ನೇ ಪುಟದಲ್ಲಿ ಒಂದು ಅಂತಿಮ ಲೆಕ್ಕ, ಬ್ಯಾಲೆನ್ಸ್ ಶೀಟು ಎರಡೂ ಕಡೆ ತಾಳೆ ಆಗಿದೆ. ಹತ್ತಿರ ಎಲ್ಲೂ ಮಾರ್ಕ್ಸ್ ಇಲ್ಲ. ಪುಟದ ಈ ಮೂಲೆಯಿಂದ ಆ ಮೂಲೆಗೆ ಒಂದು ಗೆರೆ. ಮುಖಪುಟದಲ್ಲಿ ಆ ಪ್ರಶ್ನೆಯ ಚೌಕ ಖಾಲಿ. ಚಿಕ್ಕ ಸೇವೆಯಲ್ಲೇ ಮುಗಿಯುತ್ತಿತ್ತು. ನಾವು ಕಟ್ಟಿದ್ದು ದೊಡ್ಡದಕ್ಕೆ.

ಹುಡುಗ ಆ ಗೆರೆ ಮೇಲೆ ಬೆರಳಾಡಿಸಿ ಕೇಳಿದ: ‘ಮಾಮ, ಗೆರೆ ಹಾಕಿದಾರೆ ಅಂದ್ರೆ ಓದಿದಾರೆ ಅಂತಾನಾ?’