ಅರ್ಜಿ ಏಳನೇ ದಿನಕ್ಕೆ, ಉತ್ತರ ಪತ್ರಿಕೆ ಹದಿನೈದನೇ ದಿನಕ್ಕೆ

ಡಿಗ್ರಿ ಕಾಲೇಜಿನ ಎದುರಿಗೆ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ರಿಸಲ್ಟ್ ಬಂದ ವಾರ ಊಟಕ್ಕೂ ಪುರುಸೊತ್ತಿರುವುದಿಲ್ಲ. ಅರ್ಜಿ ತುಂಬುವುದು, ಫೀ ಕಟ್ಟುವುದು, ಪ್ರಿಂಟ್ ತೆಗೆಯುವುದು, ಇದೇ ಕೆಲಸ. ದುಡ್ಡು ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಈ ಸಲ ವಿಶ್ವವಿದ್ಯಾಲಯದವರು ಹೊರಡಿಸಿದ "ವಿದ್ಯಾರ್ಥಿಗಳ ಗಮನಕ್ಕೆ" ಓದಿ ನನಗೇ ತಲೆ ಕೆಟ್ಟಿದೆ. ಎರಡು ಪುಟದ ಸುತ್ತೋಲೆ. ಕೀ ಉತ್ತರಕ್ಕೆ ಆಕ್ಷೇಪಣೆ ಹೇಗೆ, ಮರುಎಣಿಕೆ ಹೇಗೆ, ಮರುಮೌಲ್ಯಮಾಪನ ಹೇಗೆ, ಎಲ್ಲ ಇದೆ. ಓದಿದ ಮೇಲೆ ಏನು ಮಾಡಬೇಕು ಅನ್ನುವುದು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ.

ಮೊದಲು ದಿನಗಳ ಲೆಕ್ಕ ನೋಡಿ. ಉತ್ತರ ಪತ್ರಿಕೆಯ ನಕಲು ಬೇಕಾದರೆ ಫಲಿತಾಂಶ ಬಂದ 5 ದಿನದೊಳಗೆ ಅರ್ಜಿ ಹಾಕಬೇಕಂತೆ. ಅದಾದ 10 ದಿನದೊಳಗೆ ನಕಲು ಕೊಡುತ್ತಾರಂತೆ. ಮರುಮೌಲ್ಯಮಾಪನಕ್ಕೆ ಕೊನೆಯ ದಿನ ಯಾವಾಗ? ಫಲಿತಾಂಶ ಬಂದ ಏಳನೇ ದಿನ. ಅಂದರೆ ಪೇಪರ್ ಕಣ್ಣಿಗೆ ಬೀಳುವ ಮೊದಲೇ ದುಡ್ಡು ಕಟ್ಟಿರಬೇಕು. ಹಾಗಾದರೆ ನಕಲು ಯಾಕೆ ಬೇಕು ಸ್ವಾಮಿ, ಫ್ರೇಮ್ ಹಾಕಿಸಿ ಗೋಡೆಗೆ ನೇತು ಹಾಕೋದಕ್ಕಾ?

ಬಿ.ಕಾಂ. ಓದುವ ಒಬ್ಬಳು ಹುಡುಗಿ ಇದ್ದಾಳೆ. ಒಂದು ಪೇಪರಿನಲ್ಲಿ 80ಕ್ಕೆ 27 ಬಂದಿತ್ತು. ಪಾಸಾಗಲು 28 ಬೇಕು. ಒಂದೇ ಒಂದು ಅಂಕ! ಆರನೇ ದಿನ ಅಂಗಡಿಗೆ ಬಂದಳು. "ಅಣ್ಣಾ, ರೀಟೋಟಲಿಂಗ್ ಹಾಕ್ಲಾ, ರೀವ್ಯಾಲ್ಯುಯೇಶನ್ ಹಾಕ್ಲಾ?" ಅಂತ ಕೇಳಿದಳು. ಫಾರಂನಲ್ಲಿ ಒಂದು ವಿಷಯಕ್ಕೆ ಎರಡರಲ್ಲಿ ಒಂದನ್ನೇ ಒತ್ತಲು ಆಗುತ್ತಿತ್ತು. ಎಣಿಕೆಗೆ 150 ರೂಪಾಯಿ, ಮೌಲ್ಯಮಾಪನಕ್ಕೆ 800. ಎರಡಕ್ಕೂ ಏನು ವ್ಯತ್ಯಾಸ ಅಂತ ಸುತ್ತೋಲೆಯಲ್ಲಿ ಒಂದು ಸಾಲೂ ಇಲ್ಲ. ದೊಡ್ಡದರಲ್ಲಿ ಚಿಕ್ಕದೂ ಸೇರಿರುತ್ತದೆ ಅಂತ ಅವಳು ಅಂದುಕೊಂಡಳು. ನಾನೂ ಹಾಗೇ ಅಂದುಕೊಂಡೆ. 800 ಕಟ್ಟಿದೆವು.

ಅವಳು ಮೊದಲೇ ಅರ್ಜಿ ಹಾಕಿದ್ದ ನಕಲು ಬಂದಿದ್ದು ಹದಿನೈದನೇ ದಿನ. ಅಂಗಡಿಯಲ್ಲೇ ಪ್ರಿಂಟ್ ತೆಗೆದು ಇಬ್ಬರೂ ಒಂದೊಂದೇ ಪುಟ ನೋಡುತ್ತಾ ಹೋದೆವು. ಏಳನೇ ಪ್ರಶ್ನೆಯ ಉತ್ತರದ ಪಕ್ಕ ಕೆಂಪು ಇಂಕಿನಲ್ಲಿ ದುಂಡಗೆ 5 ಅಂತ ಬರೆದಿದ್ದಾರೆ. ಮೊದಲ ಪುಟದಲ್ಲಿ ಅಂಕ ತುಂಬುವ ಕೋಷ್ಟಕ ಇರುತ್ತದಲ್ಲ, ಅದರಲ್ಲಿ ಏಳರ ಮನೆ ಖಾಲಿ. ಒಳಗೆ ಕೊಟ್ಟ ಅಂಕವನ್ನು ಹೊರಗೆ ಇಳಿಸಲು ಮರೆತಿದ್ದಾರೆ, ಅಷ್ಟೇ. 27ಕ್ಕೆ 5 ಸೇರಿಸಿದರೆ 32. ಹುಡುಗಿ ಪಾಸು!

ಇದಕ್ಕೆ ಬೇಕಾಗಿದ್ದು ಮರುಎಣಿಕೆ. ಬರೆದ ಅಂಕಗಳನ್ನು ಮತ್ತೆ ಕೂಡುವುದು, ಯಾವುದಾದರೂ ಉತ್ತರಕ್ಕೆ ಅಂಕವೇ ಹಾಕಿಲ್ಲವಾ ಅಂತ ನೋಡುವುದು, ಇಷ್ಟೇ ಅದರ ಕೆಲಸ. ಕೊಟ್ಟ ಅಂಕವನ್ನು ಯಾರೂ ಮುಟ್ಟುವುದಿಲ್ಲ. ಮರುಮೌಲ್ಯಮಾಪನ ಹಾಗಲ್ಲ. ಹಳೆಯ ಅಂಕ ಮುಚ್ಚಿ ಇನ್ನೊಬ್ಬ ಮೇಷ್ಟ್ರ ಕೈಗೆ ಪೇಪರ್ ಕೊಡುತ್ತಾರೆ. ಅವರು ಮೊದಲಿನಿಂದ ತಿದ್ದುತ್ತಾರೆ. ಏಳನೇ ಪ್ರಶ್ನೆಗೆ ಅವರು 5 ಕೊಡಬಹುದು, 2 ಕೊಡಬಹುದು. ಬೇರೆ ಪ್ರಶ್ನೆಗಳಲ್ಲಿ ಕಿತ್ತುಕೊಳ್ಳಲೂಬಹುದು. "ಅಂಕ ಕಡಿಮೆಯಾದರೂ ಅದೇ ಅಂತಿಮ" ಅಂತ ಸುತ್ತೋಲೆಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿದೆ. ಕೈಯಲ್ಲಿದ್ದ 32 ಬಿಟ್ಟು 800 ಕೊಟ್ಟು ಲಾಟರಿ ಟಿಕೆಟ್ ತಗೊಂಡ ಹಾಗಾಯಿತು. ತಕ್ಷಣ ಮರುಎಣಿಕೆಗೆ ಹಾಕೋಣ ಅಂತ ಪೋರ್ಟಲ್ ತೆಗೆದರೆ "ಅವಧಿ ಮುಗಿದಿದೆ".

ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿದೆ. "ಸುತ್ತೋಲೆಯಲ್ಲಿ ಎಲ್ಲಾ ಇದೆಯಲ್ರೀ, ಓದ್ಕೊಳ್ಳಿ" ಅಂದು ಇಟ್ಟರು.

ಇನ್ನು ಕೀ ಉತ್ತರದ ಕಥೆ. ಸಂವಿಧಾನದ ಪೇಪರ್ ಓಎಂಆರ್ ಶೀಟಿನಲ್ಲಿ ನಡೆಯುತ್ತದೆ. ಆಸ್ತಿಯ ಹಕ್ಕು ಈಗ ಯಾವ ವಿಧಿಯಲ್ಲಿದೆ ಅಂತ ಒಂದು ಪ್ರಶ್ನೆ. ಒಬ್ಬ ಹುಡುಗ 300ಎ ತುಂಬಿದ್ದ. ಕೀಯಲ್ಲಿ 31 ಅಂತ ಇದೆ. 1978ರ 44ನೇ ತಿದ್ದುಪಡಿಯಲ್ಲಿ 31ನೇ ವಿಧಿಯನ್ನು ತೆಗೆದು, ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳಿಂದ ಆಚೆ ತಂದು 300ಎಗೆ ಹಾಕಿದರು. ಅವನಪ್ಪ ಹುಟ್ಟುವ ಮೊದಲೇ ಆದ ತಿದ್ದುಪಡಿ ಇರಬೇಕು. ಕೀ ಬರೆದವರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಆಕ್ಷೇಪಣೆಗೆ 3 ದಿನ, ಒಂದು ಪ್ರಶ್ನೆಗೆ 200 ರೂಪಾಯಿ, ಜೊತೆಗೆ "ಅಧಿಕೃತ ಆಧಾರ". ಯಾವ ಪುಸ್ತಕ ಅಧಿಕೃತ ಅಂತ ಹೇಳಿಲ್ಲ. ಫೈಲ್ 200 ಕೆಬಿ ಮೀರಬಾರದು. ಸಂವಿಧಾನದ ಪುಟ ಪೂರ್ತಿ ಸ್ಕ್ಯಾನ್ ಮಾಡಿ ಅಷ್ಟಕ್ಕೆ ಇಳಿಸಿದರೆ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತಿತ್ತು. ಕೊನೆಗೆ 300ಎ ಇರುವ ಭಾಗವನ್ನಷ್ಟೇ ಕತ್ತರಿಸಿ, ಕಪ್ಪು-ಬಿಳುಪಿನಲ್ಲಿ ಸೇವ್ ಮಾಡಿ ಹಾಕಿದೆ. (ನಿಮಗೂ ಹೀಗಾದರೆ ಹಾಗೇ ಮಾಡಿ. ಬಣ್ಣ ತೆಗೆದರೆ ಸೈಜ್ ಬೇಗ ಇಳಿಯುತ್ತದೆ.)

ನನ್ನ ಸಿಟ್ಟು ಇರುವುದು ಇಲ್ಲಿ. ಕೀ ತಪ್ಪು ಅಂತ ಒಪ್ಪಿಕೊಂಡರೆ ಮುಂದೇನು? ಆಕ್ಷೇಪಣೆ ಹಾಕಿದ ಇವನೊಬ್ಬನಿಗೇ ಅಂಕವಾ? 300ಎ ತುಂಬಿದ ಎಲ್ಲರಿಗಾ? 31 ತುಂಬಿ ಈಗಾಗಲೇ ಅಂಕ ಪಡೆದವರದ್ದು ವಾಪಸ್ ತಗೊಳ್ತಾರಾ? ಇಲ್ಲ, ಪ್ರಶ್ನೆಯನ್ನೇ ಕೈಬಿಟ್ಟು ಎಲ್ಲರಿಗೂ ಅಂಕ ಕೊಡ್ತಾರಾ? ಸುತ್ತೋಲೆಯಲ್ಲಿರುವುದು ಒಂದೇ ಸಾಲು: "ತಜ್ಞರ ಸಮಿತಿಯ ತೀರ್ಮಾನವೇ ಅಂತಿಮ".

ಇದು ಸಣ್ಣ ವಿಷಯ ಅಲ್ಲ. 2024ರ ನೀಟ್‌ನಲ್ಲಿ ಪರಮಾಣುವಿನ ಮೇಲಿನ ಒಂದು ಪ್ರಶ್ನೆಗೆ ಎರಡು ಉತ್ತರಗಳನ್ನು ಸರಿ ಅಂತ ಒಪ್ಪಿದ್ದರು. ಹಳೆಯ ಎನ್‌ಸಿಇಆರ್‌ಟಿ ಪುಸ್ತಕದ ಪ್ರಕಾರ ಒಂದು, ಹೊಸದರ ಪ್ರಕಾರ ಇನ್ನೊಂದು. ಸುಪ್ರೀಂ ಕೋರ್ಟ್ ದೆಹಲಿ ಐಐಟಿಯ ಮೂವರು ತಜ್ಞರನ್ನು ಕೇಳಿ, ಒಂದೇ ಸರಿ ಅಂದಿತು. ಇನ್ನೊಂದನ್ನು ತುಂಬಿದ್ದವರಿಗೆ ಬಂದಿದ್ದ 4 ಅಂಕ ಹೋಯಿತು, ತಪ್ಪು ಉತ್ತರಕ್ಕೆ ಮತ್ತೊಂದು ಕಳೆಯಿತು. ಒಟ್ಟು 5. ಹೀಗೆ ಕಳೆದುಕೊಂಡವರು ನಾಲ್ಕು ಲಕ್ಷಕ್ಕೂ ಜಾಸ್ತಿ. ಅಲ್ಲಿ ತಾತ್ಕಾಲಿಕ ಕೀ ಮೊದಲು ಬರುತ್ತದೆ, ಆಮೇಲೆ ಆಕ್ಷೇಪಣೆ, ಆಮೇಲೆ ಅಂತಿಮ ಕೀ, ಆಮೇಲೆ ಫಲಿತಾಂಶ. ಅಷ್ಟಾದರೂ ಅಷ್ಟು ಗೋಳು. ನಮ್ಮವರು ಫಲಿತಾಂಶ ಕೊಟ್ಟು, ಅದರ ಬಾಲಕ್ಕೆ ಕೀ ಕಟ್ಟಿ ಬಿಟ್ಟಿದ್ದಾರೆ!

"ಆರ್‌ಟಿಐ ಹಾಕೋಣ ಅಣ್ಣಾ" ಅಂದ ಹುಡುಗ. ಹಾಕಬಹುದು. ತಿದ್ದಿದ ನಮ್ಮ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ನಮಗಿದೆ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಅರ್ಜಿಗೆ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ. ಇಲ್ಲಿ ನಕಲಿಗೆ ಕೇಳುವ 400 ರೂಪಾಯಿಗೆ ಹೋಲಿಸಿದರೆ ಪುಕ್ಕಟೆ. ಆದರೆ ಉತ್ತರ ಕೊಡಲು ಅವರಿಗೆ 30 ದಿನ ಸಮಯ ಇದೆ. ಏಳನೇ ದಿನ ಬಾಗಿಲು ಹಾಕುವವರ ಹತ್ತಿರ ಮೂವತ್ತನೇ ದಿನ ಹೋಗಿ ಏನು ಮಾಡೋದು?

ನಿನ್ನೆ ಆ ಬಿ.ಕಾಂ. ಹುಡುಗಿ ಮತ್ತೆ ಬಂದಿದ್ದಳು. ಮರುಮೌಲ್ಯಮಾಪನದ ಫಲಿತಾಂಶ ಇನ್ನೂ ಬಂದಿಲ್ಲ. ಆದರೆ ಬಾಕಿ ಪೇಪರಿನ ಪರೀಕ್ಷೆ ಶುಲ್ಕ ಕಟ್ಟಲು ಸೋಮವಾರ ಕೊನೆಯ ದಿನ. ಕಟ್ಟದಿದ್ದರೆ, ನಾಳೆ ಅಂಕ ಬದಲಾಗದೇ ಹೋದರೆ, ಒಂದು ವರ್ಷ ಹೋಯಿತು. 32 ಬಂದಿರುವ ಪೇಪರನ್ನು ಮತ್ತೆ ಬರೆಯಲು ಫೀ ಕಟ್ಟಿದಳು. ರಸೀದಿ ಪ್ರಿಂಟ್ ತೆಗೆದುಕೊಟ್ಟೆ. ಕೆಳಗೆ ದಪ್ಪ ಅಕ್ಷರದಲ್ಲಿತ್ತು: "ಯಾವುದೇ ಕಾರಣಕ್ಕೂ ಶುಲ್ಕ ಹಿಂದಿರುಗಿಸಲಾಗುವುದಿಲ್ಲ".