ಸತ್ತವನ ಕಿವಿ

ಆ ಫೋಟೊ ನೀವೂ ನೋಡಿರ್ತೀರಿ. ಕಚೇರಿಯ ಮೆಟ್ಟಿಲ ಮೇಲೆ ಒಬ್ಬ ಮುದುಕ, ಕೈಯಲ್ಲಿ ಒಂದು ರಟ್ಟು, ರಟ್ಟಿನ ಮೇಲೆ ‘ನಾನು ಸತ್ತಿಲ್ಲ’. ಜಿಲ್ಲಾ ಪುಟದ ಮೂಲೆಯಲ್ಲಿ, ಅಂಗೈಯಷ್ಟೂ ಇಲ್ಲದ ಚಿತ್ರ. ನೀವು ನಕ್ಕು ಪುಟ ತಿರುಗಿಸಿದಿರಿ. ನಾನೂ ತಿರುಗಿಸಿದ್ದೆ.

ನಮ್ಮ ಅಜ್ಜ ತಿರುಗಿಸಲಿಲ್ಲ. ಕೊಪ್ಪಳದ ನಮ್ಮ ಮನೆ ಕಟ್ಟೆಯ ಮೇಲೆ ಕೂತು, ಪೇಪರನ್ನು ಮೂಗಿಗೆ ತಾಗಿಸಿಕೊಂಡು ಐದು ನಿಮಿಷ ನೋಡಿದರು. ಆಮೇಲೆ, ‘ಲೇ ತಮ್ಮಾ, ಇಂವ ನಮ್ಮ ಎಡಚ ಅದಾನಲೇ!’ ಅಂದರು.

ಅಜ್ಜನ ಎರಡೂ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಗಿದೆ. ನನ್ನನ್ನೇ ಒಮ್ಮೊಮ್ಮೆ ತಮ್ಮನ ಹೆಸರಿನಿಂದ ಕರೀತಾರೆ. ಎಪ್ಪತ್ತು ವರ್ಷದ ಹಿಂದೆ ಕಂಡವನನ್ನು ಈ ಮಸುಕು ಚಿತ್ರದಲ್ಲಿ ಹೇಗೆ ಗುರುತು ಹಿಡಿದರು?

‘ಕಿವಿ ನೋಡು’ ಅಂದರು. ಎಡಗಿವಿಯ ಹಾಲೆ ಎರಡಾಗಿ ಸೀಳಿತ್ತು. ‘ಅಲ್ಲಿ ಬಂಗಾರದ ಮುರುವಿತ್ತು. ಗೋಲಿ ಆಡೂವಾಗ ಜಗಳ ಆತು. ಜಗ್ಗಿದೆ. ಕಿತ್ತು ಬಂತು.’

ಇಬ್ಬರದೂ ತುಂಗಭದ್ರೆಯ ದಂಡೆಯ ಊರು. 1953ರಲ್ಲಿ ಅಣೆಕಟ್ಟಿಗೆ ನೀರು ನಿಂತಿತು, ಊರು ತಳಕ್ಕೆ ಹೋಯಿತು. ಅಜ್ಜನ ಮನೆಯವರು ಈ ಕಡೆ ಬಂದರು, ಎಡಚನ ಮನೆಯವರು ಬಂಡಿ ಕಟ್ಟಿಕೊಂಡು ಸಿರುಗುಪ್ಪದ ಕಡೆ ಹೋದರು. ಆಗ ಈ ಕಡೆ ಹೈದರಾಬಾದ್, ಆ ಕಡೆ ಮದ್ರಾಸ್. ಬಳ್ಳಾರಿ ಅದೇ ವರ್ಷ ಅಕ್ಟೋಬರ್ 1ಕ್ಕೆ ಮೈಸೂರಿಗೆ ಸೇರಿತು, ನಮ್ಮದು 1956ರಲ್ಲಿ. 1973ಕ್ಕೆ ಕರ್ನಾಟಕ, 1997ಕ್ಕೆ ರಾಯಚೂರು ಹೋಗಿ ಕೊಪ್ಪಳವೇ ಜಿಲ್ಲೆ. ಅಜ್ಜ ಈ ಕಟ್ಟೆ ಬಿಟ್ಟು ಕದಲದೆ ಇಷ್ಟೆಲ್ಲ ಸುತ್ತಿದ್ದಾರೆ. ಅರ್ಜಿಯಲ್ಲಿ ‘ಹುಟ್ಟಿದ ಸ್ಥಳ’ ಅಂತ ಕೇಳಿದರೆ, ‘ಬ್ಯಾಸಿಗ್ಯಾಗ ಬರ್ರಿ, ನೀರು ಇಳಿದ ಮ್ಯಾಲೆ ತೋರಿಸ್ತೀನಿ’ ಅಂತಾರೆ.

ಇರಲಿ, ಸತ್ತವನ ವಿಷಯಕ್ಕೆ ಬರೋಣ. ಮರುದಿನ ಅಜ್ಜನನ್ನು ಬಸ್ ಹತ್ತಿಸಿಕೊಂಡು ಹೋದೆ. ಪೇಪರ್ ಅವರ ಜೇಬಿನಲ್ಲಿತ್ತು. ಎಡಚಜ್ಜ ಅದೇ ಮೆಟ್ಟಿಲ ಮೇಲೆ ಇದ್ದರು. ತಮ್ಮ ಸಾವಿನ ಕಥೆಯನ್ನು ಅವರೇ ಹೇಳಿದರು. ಊರಲ್ಲಿ ಅವರದೇ ಹೆಸರಿನ ಇನ್ನೊಬ್ಬರು ತೀರಿಕೊಂಡರು. ಯಾರೋ ಪಟ್ಟಿಯಲ್ಲಿ ಒಂದು ಸಾಲು ಮೇಲೆ ಗುರುತು ಹಾಕಿದರು. ಅಷ್ಟೇ. ಮುಂದಿನ ತಿಂಗಳಿಂದ ಸಂಧ್ಯಾ ಸುರಕ್ಷಾದ 1,200 ರೂಪಾಯಿ ಬಂದ್.

ಎಂಥ ಚುರುಕಿನ ಆಡಳಿತ ನೋಡಿ! ಯಮನಿಗೂ ಕೋಣ ಹತ್ತಿ ಬರೋದಕ್ಕೆ ಹೊತ್ತು ಹಿಡಿಯುತ್ತೆ. ಇಲ್ಲಿ ಒಂದು ಕ್ಲಿಕ್. ವಾಪಸ್ ಬದುಕಿಸೋದಕ್ಕೆ ಮಾತ್ರ ಅರ್ಜಿ, ಆಧಾರ್, ಪಾಸ್‌ಬುಕ್, ಸ್ಥಳ ಪರಿಶೀಲನೆ, ವರದಿ. ಅದೆಲ್ಲ ಆದ ಮೇಲೆ ಹೆಬ್ಬೆಟ್ಟು.

ಹೆಬ್ಬೆಟ್ಟಿನದೇ ದೊಡ್ಡ ಕಥೆ. ಜೀವಮಾನವಿಡೀ ಭತ್ತದ ಕೆಸರಿನಲ್ಲಿ ನಾಟಿ ಮಾಡಿದ, ಕುಡುಗೋಲು ಹಿಡಿದ ಕೈ. ಬೆರಳ ಗೆರೆಗಳು ಸವೆದು ನುಣ್ಣಗಾಗಿವೆ, ವಯಸ್ಸಿಗೆ ಚರ್ಮವೂ ಒಣಗಿದೆ. ಯಂತ್ರಕ್ಕೆ ಓದೋದಕ್ಕೆ ಗೆರೆಯೇ ಇಲ್ಲ. ಹುಡುಗ ಒದ್ದೆ ಬಟ್ಟೆಯಲ್ಲಿ ಒರೆಸಿದ. ‘ತಲಿಗೆ ತಿಕ್ಕ್ರಿ, ಎಣ್ಣಿ ಅಂಟತೈತಿ’ ಅಂದ. ಹತ್ತೂ ಬೆರಳು ಆಯಿತು. ಪ್ರತಿ ಸಲ ಕೆಂಪು ದೀಪ. ಕಣ್ಣು ಇಟ್ಟರೆ, ಜೋತುಬಿದ್ದ ರೆಪ್ಪೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿಯಬೇಕು, ಹಿಡಿದರೆ ಕೈ ನಡುಗುತ್ತೆ.

ಅಜ್ಜನಿಗೆ ತಾಳ್ಮೆ ಕೆಟ್ಟಿತು. ಎಡಚಜ್ಜನ ಕಿವಿ ಹಿಡಿದು ಕಿಟಕಿಗೆ ಎಳೆದರು. ‘ಸಾಹೇಬ್ರ, ಇದನ್ನ ಹರಿದಾಂವ ನಾನು. ಇಂವ ಅಂವನ. ಬರ್ಕೊಳ್ರಿ.’

ಸಾಹೇಬರು ನಗಲಿಲ್ಲ, ರೇಗಲೂ ಇಲ್ಲ. ‘ಅಜ್ಜಾರ, ಕಿವಿಗೆ ಇದರಾಗ ಜಾಗ ಇಲ್ರಿ’ ಅಂತ ಪರದೆಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. ನಿಜಕ್ಕೂ ಇರಲಿಲ್ಲ.

ಇಲ್ಲಿ ಒಂದು ತಮಾಷೆ ಸೇರಿಸೋಣ ಅಂತಿದ್ದೆ. ಬರ್ತಿಲ್ಲ. ಹದಿನಾಲ್ಕು ತಿಂಗಳು, 16,800 ರೂಪಾಯಿ. ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗ್ತಿದ್ದೀನಿ ಅಂದರು ಎಡಚಜ್ಜ. ಮನುಷ್ಯ ಎದುರಿಗೆ ಕೂತು ಉಸಿರಾಡ್ತಿದ್ದಾನೆ, ಕೆಮ್ಮುತ್ತಿದ್ದಾನೆ, ಸಾಹೇಬರಿಗೇ ನಮಸ್ಕಾರ ಹೇಳ್ತಿದ್ದಾನೆ. ನೋಡಿದ್ದನ್ನು ನೋಡಿದ್ದೇನೆ ಅಂತ ಸಹಿ ಹಾಕೋದಕ್ಕೆ ಒಬ್ಬನಿಗೂ ಧೈರ್ಯವಿಲ್ಲ. ಥೂ.

ಹೊರಗೆ ಬಂದು ಒಗ್ಗರಣಿ ಮಿರ್ಚಿ ತಿಂದೆವು. ಅಲ್ಲಿಯವರೆಗೆ ಇಬ್ಬರೂ ಸರಿಯಾಗಿ ಮಾತೇ ಆಡಿರಲಿಲ್ಲ. ಎಡಚಜ್ಜ ಎಡಗೈಯಲ್ಲೇ ಮಿರ್ಚಿ ಮುರಿಯುತ್ತಾ ಕೇಳಿದರು, ‘ಮುರುವು ಎಲ್ಲಿಟ್ಟಿ?’

‘ನಿಮ್ಮವ್ವಗ ಕೊಟ್ಟಿದ್ನಲೇ.’

‘ಸುಳ್ಳು.’

‘ಖರೇ.’

‘ಆಕಿ ಇದ್ದಿದ್ರ ಕೇಳ್ತಿದ್ದೆ’ ಅಂದರು ಎಡಚಜ್ಜ. ಬಿಲ್ಲಿನ ದುಡ್ಡನ್ನು ಸತ್ತವರೇ ಕೊಟ್ಟರು. ಹೋಟೆಲಿನವನು ಹೆಬ್ಬೆಟ್ಟು ಕೇಳದೆ ಇಸ್ಕೊಂಡ.