ಬೋರ್‌ವೆಲ್ ನೀರಿಗೆ ಗಾಜಿನ ಬಾಗಿಲು

ಬೆಂಗಳೂರಿನಲ್ಲಿ ಫ್ಲ್ಯಾಟ್ ಮಾರುವವರು ಬಾತ್‌ರೂಮಿನ ಗಾಜಿನ ಬಾಗಿಲನ್ನು ತೆರೆದು ಮುಚ್ಚಿ ತೋರಿಸುತ್ತಾರೆ. ನಲ್ಲಿ ತಿರುಗಿಸಿ ಯಾವ ನೀರು ಬರುತ್ತದೆ ಎಂದು ಮಾತ್ರ ತೋರಿಸುವುದಿಲ್ಲ. ಸರ್ಜಾಪುರ ರಸ್ತೆಯ ನಮ್ಮ ಅಪಾರ್ಟ್‌ಮೆಂಟಿಗೆ ಬರುವುದು ಬೋರ್‌ವೆಲ್ ನೀರು, ಅದು ಸಾಲದಾದಾಗ ಟ್ಯಾಂಕರ್ ನೀರು. ಎರಡೂ ಉಪ್ಪುನೀರೇ. ಗೃಹಪ್ರವೇಶದ ದಿನ ಆಚೆಯ ಟೈಲ್ಸೆಲ್ಲ ಕಾಣುತ್ತಿದ್ದ ಬಾಗಿಲು ವರ್ಷ ತುಂಬುವುದರೊಳಗೆ ಬೆಳ್ಳಗೆ ಮಂಜುಮಂಜಾಯಿತು. “ಒಳ್ಳೆಯದೇ ಆಯ್ತು ಬಿಡು, ಇನ್ನಾದರೂ ಮರ್ಯಾದೆಯಾಗಿ ಸ್ನಾನ ಮಾಡಬಹುದು” ಅಂದರು ಅತ್ತೆ.

ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಹೇಳುವವಳ ಮನೆಯಲ್ಲೇ ಹೀಗಾದರೆ ಹೇಗೆ ಎಂದು ನಾನು ಲೆಕ್ಕ ಹಾಕಲು ಕೂತೆ. ನಮ್ಮ ನೀರಿನ ಗಡಸುತನ ಲೀಟರಿಗೆ ಸುಮಾರು 500 ಮಿಲಿಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನಕ 200 ಇರಲಿ ಅನ್ನುತ್ತದೆ, ಬೇರೆ ನೀರೇ ಇಲ್ಲದ ಕಡೆ 600ರವರೆಗೆ ನಡೆಯಲಿ ಎಂದು ಬಿಟ್ಟುಕೊಡುತ್ತದೆ. ಒಬ್ಬರ ಸ್ನಾನ ಮುಗಿದಾಗ ಗಾಜಿನ ಮೇಲೆ 100 ಮಿಲಿಲೀಟರ್ ನೀರು ಉಳಿಯಿತು ಅಂದುಕೊಳ್ಳಿ. ಅದು ಒಣಗಿದರೆ ನೀರು ಹೋಗುತ್ತದೆ, 50 ಮಿಲಿಗ್ರಾಂ ಸುಣ್ಣದಂಶ ಅಲ್ಲೇ ಕೂರುತ್ತದೆ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 6 ಗ್ರಾಂ. ಅಷ್ಟೂ ಅಂಟುವುದಿಲ್ಲ, ಒಂದಿಷ್ಟು ಮರುದಿನದ ನೀರಲ್ಲಿ ಕೊಚ್ಚಿಹೋಗುತ್ತದೆ. ಆದರೂ ನಾವು ಸ್ನಾನ ಮಾಡುತ್ತಿದ್ದೇವೆ ಅಂದುಕೊಂಡು ದಿನಾ ಗಾಜಿಗೆ ಸುಣ್ಣ ಬಳಿಯುತ್ತಿದ್ದೆವು ಅನ್ನುವುದು ಸತ್ಯ.

ಈ ಲೆಕ್ಕವನ್ನು ನಮ್ಮ ಯಜಮಾನರಿಗೆ ಹೇಳಿದೆ. ಅವರು ಕೇಳಿಸಿಕೊಂಡಂತೆ ತಲೆಯಾಡಿಸಿ, ಅವರ ಅಣ್ಣನಿಗೆ ಫೋನ್ ಮಾಡಿದರು. ಭಾವನವರ ಬಳಿ ಲೋಕದ ಎಲ್ಲ ಕೊಳೆಗೂ ಒಂದೇ ಮದ್ದು: “ಟಾಯ್ಲೆಟ್ ಆಸಿಡ್ ಹಾಕೋ, ನಿಮಿಷದಲ್ಲಿ ಫಳಫಳ!” ಅಂದರು. ನಾನು ಆ ಬಾಟಲಿಯನ್ನು ಬಚ್ಚಿಟ್ಟೆ. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಸಿಡ್ ಗಾಜನ್ನು ಬಿಡುತ್ತದೆ, ಆದರೆ ಬಾಗಿಲಿನ ಹೊಳೆಯುವ ಕೀಲು ಹಿಡಿಕೆಗಳನ್ನು ತಿಂದುಹಾಕುತ್ತದೆ. ಅಕಸ್ಮಾತ್ ಬ್ಲೀಚಿಂಗ್ ಪೌಡರ್ ಜೊತೆ ಸೇರಿತೋ, ಬಾತ್‌ರೂಮಿನ ತುಂಬ ಕ್ಲೋರಿನ್ ಅನಿಲ. ಸುಣ್ಣದಂಶ ಕರಗಲು ಅಂಥ ಬ್ರಹ್ಮಾಸ್ತ್ರ ಬೇಕಿಲ್ಲ, ದಿನಸಿ ಅಂಗಡಿಯ ನಿಂಬೆಉಪ್ಪು ಸಾಕು. ಕಾಲು ಲೀಟರ್ ಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ.

ಒಂದು ಹನಿ ಹಾಕಿ ನೋಡಿದರೆ ಗೊತ್ತಾಗುತ್ತದೆ. ಸಣ್ಣಗೆ ನೊರೆ ಗುಳ್ಳೆ ಎದ್ದರೆ ಅದು ಸುಣ್ಣದಂಶ, ಕರಗುತ್ತದೆ. ನಮ್ಮ ಬಾಗಿಲಲ್ಲಿ ಮೊದಲು ಏನೂ ಏಳಲಿಲ್ಲ. “ನಿನ್ನ ಕೆಮಿಸ್ಟ್ರಿ ಸಿಲೆಬಸ್ಸಿಗೇ ಸರಿ” ಅಂದರು ಯಜಮಾನರು. ತಪ್ಪು ಕೆಮಿಸ್ಟ್ರಿಯದಲ್ಲ, ಅತ್ತೆಯವರ ಸೋಪಿನದು. ಸೋಪು ಗಡಸು ನೀರಿನ ಜೊತೆ ಸೇರಿದರೆ ನೊರೆ ಬರುವ ಬದಲು ಜಿಡ್ಡುಜಿಡ್ಡಾದ ಪದರ ಆಗಿ ಕೂರುತ್ತದೆ. ಅದರ ಕೆಳಗೆ ಸುಣ್ಣ, ಅದರ ಮೇಲೆ ಮತ್ತೆ ಜಿಡ್ಡು. ಹುಳಿ ನೀರು ಮೇಲಿನ ಜಿಡ್ಡಿನಲ್ಲೇ ಜಾರಿಹೋಗುತ್ತದೆ. ಹಾಗಾಗಿ ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಜ್ಜಿ ತೊಳೆದೆವು. ಆಮೇಲೆ ಹಾಕಿದ ಹನಿ ತಕ್ಷಣ ಬುಸುಗುಟ್ಟಿತು.

ನಿಂತಿರುವ ಗಾಜಿಗೆ ನೀರು ಎರಚಿದರೆ ಅದು ನಿಲ್ಲುವುದೆಲ್ಲಿ? ಟಿಶ್ಯೂ ಪೇಪರನ್ನು ನಿಂಬೆಉಪ್ಪಿನ ನೀರಲ್ಲಿ ಅದ್ದಿ ಗಾಜಿಗೆ ಹಚ್ಚಬೇಕು, ಒಣಗದ ಹಾಗೆ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಕವರ್ ಅಂಟಿಸಬೇಕು, 20 ನಿಮಿಷ ಸುಮ್ಮನಿರಬೇಕು. ಕೊನೆಯದೇ ಕಷ್ಟ. ಯಜಮಾನರು ಐದು ನಿಮಿಷಕ್ಕೆ ಕವರ್ ಎತ್ತಿ ಇಣುಕುವುದು, ಇನ್ನೊಂದು ಮಗ್ ಸುರಿಯುವುದು ನಡೆಸಿದರು. ಸುರಿದದ್ದೆಲ್ಲ ಕೆಳಗಿನ ಕಡಪ ಕಲ್ಲಿನ ಹೊಸ್ತಿಲ ಮೇಲೆ ಇಳಿಯಿತು. ಅಲ್ಲಿ ಗಾಜಿಗಿಂತ ಜೋರಾಗಿ ಬುಸುಬುಸು ನೊರೆ. “ನೋಡೇ, ಎಷ್ಟು ಕೊಳೆ ಬರ್ತಿದೆ!” ಎಂದು ಅವರು ಖುಷಿಯಿಂದ ಇನ್ನೂ ಒಂದು ಮಗ್ ಸುರಿದರು. ಕಡಪ ಕಲ್ಲು ಸುಣ್ಣಕಲ್ಲಿನ ಜಾತಿ. ಕರಗುತ್ತಿದ್ದದ್ದು ಕೊಳೆಯಲ್ಲ, ಹೊಸ್ತಿಲು. ನಾನು ಓಡಿಬಂದು ನೀರು ಸುರಿಯುವ ಹೊತ್ತಿಗೆ ಕರಿಯ ಪಾಲಿಶ್ ಹೋಗಿ ಬೂದಿ ಬಳಿದ ಹಾಗೆ ಕಲೆ ನಿಂತಿತ್ತು. ಮಾರ್ಬಲ್‌ಗೂ ಕೋಟಾ ಸ್ಟೋನ್‌ಗೂ ಇದೇ ಗತಿ. ಗ್ರಾನೈಟ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಕೆಳಗೆ ಮೊದಲೇ ಹಳೆಯ ಟವೆಲ್ ಹಾಸಿದ್ದರೆ ಸಾಕಿತ್ತು.

ಬಾಗಿಲು ಮಾತ್ರ, ಮೆತ್ತನೆಯ ಸ್ಪಾಂಜಿನಲ್ಲಿ ಉಜ್ಜಿ ತೊಳೆದ ಮೇಲೆ, ಮುಕ್ಕಾಲು ಪಾಲು ತಿಳಿಯಾಯಿತು. ಸ್ಟೀಲ್ ನಾರನ್ನು ಯಾರ ಕೈಗೂ ಸಿಗದ ಹಾಗೆ ಇಟ್ಟಿದ್ದೆ, ಗೀರು ಬಿದ್ದರೆ ಯಾವ ಹುಳಿಯೂ ತೆಗೆಯುವುದಿಲ್ಲ.

ಇದರಿಂದ ಉತ್ಸಾಹ ಏರಿದ ಅತ್ತೆ ಕಿಟಕಿ ಗಾಜುಗಳ ಜವಾಬ್ದಾರಿ ವಹಿಸಿಕೊಂಡರು. ಒಂದು ತೊಟ್ಟು ನೀರನ್ನೂ ಪೋಲು ಮಾಡದವರು ಅವರು. ಆರ್‌ಒ ಫಿಲ್ಟರಿನಿಂದ ಹೊರಬರುವ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು, ಮಧ್ಯಾಹ್ನದ ಬಿಸಿಲಲ್ಲಿ ಬಾಲ್ಕನಿ ಗಾಜುಗಳನ್ನೆಲ್ಲ ತೊಳೆದರು. ಸಂಜೆ ನೋಡಿದರೆ ಗಾಜಿನ ತುಂಬ ಬಿಳಿ ಗೆರೆ, ಬಿಳಿ ಚುಕ್ಕಿ. “ಮುಂಚೆಯೇ ಚೆನ್ನಾಗಿತ್ತಲ್ಲಮ್ಮಾ” ಎಂದು ಬಾಯಿಬಿಟ್ಟ ಮಗನಿಗೆ ಆ ರಾತ್ರಿ ಉಪ್ಪಿಲ್ಲದ ಸಾರು.

ಪಾಪ, ಅತ್ತೆಗೆ ಅನ್ನಿಸಿದ್ದು ಸಹಜ, ಫಿಲ್ಟರಿನಿಂದ ಬಂದ ನೀರಲ್ಲವೇ ಎಂದು. ಆದರೆ ಫಿಲ್ಟರ್ ಉಪ್ಪನ್ನು ನಾಶ ಮಾಡುವುದಿಲ್ಲ, ಈ ಕಡೆಯಿಂದ ಆ ಕಡೆಗೆ ತಳ್ಳುತ್ತದೆ. ಒಳಹೋದ ನೀರಲ್ಲಿ ಅರ್ಧ ಕುಡಿಯಲು ಬಂದು ಅರ್ಧ ಹೊರಗೆ ಹೋದರೆ, ಇಡೀ ನೀರಿನ ಉಪ್ಪು ಬಹುಪಾಲು ಆ ಹೊರಗಿನ ಅರ್ಧದಲ್ಲಿ ಸೇರಿರುತ್ತದೆ. ನಮ್ಮ 500 ಅಲ್ಲಿ ಹೆಚ್ಚುಕಡಿಮೆ 1000. ನೆಲ ಒರೆಸಲು, ಟಾಯ್ಲೆಟ್‌ಗೆ ಸುರಿಯಲು ಚಿನ್ನದಂಥ ನೀರು. ಗಾಜಿಗೆ ಮಾತ್ರ ಬೇಡ. ಬಿಸಿಲಂತೂ ಒರೆಸಲು ಬಿಡದೆ ಹನಿಯನ್ನು ನಿಂತಲ್ಲೇ ಒಣಗಿಸುತ್ತದೆ, ಪ್ರತಿ ಹನಿಗೂ ಒಂದೊಂದು ಚುಕ್ಕಿ.

ಗೆರೆ ಬೀಳುವುದು ಉಳಿದ ಕೊಳೆಯಿಂದ ಅಂದುಕೊಂಡು ನಾವು ಮತ್ತೆ ಮತ್ತೆ ತೊಳೆಯುತ್ತೇವೆ. ಕೊನೆಗೆ ಗಾಜಿನ ಮೇಲೆ ಒಣಗುವ ನೀರು ಯಾವುದು ಅನ್ನುವುದರಲ್ಲಿದೆ ಎಲ್ಲ. ಈಗ ಬೆಳಿಗ್ಗೆ ಬಿಸಿಲು ಏರುವ ಮೊದಲು ತೊಳೆಯುತ್ತೇವೆ. ಮೊದಲೆರಡು ಸಲ ನಲ್ಲಿ ನೀರು, ಕೊನೆಯ ಒಂದು ಮಗ್ ಮಾತ್ರ ಆರ್‌ಒದ ಕುಡಿಯುವ ನೀರು. ಎಸಿ ಇದ್ದವರಿಗೆ ಅದರ ಪೈಪಿನಿಂದ ತೊಟ್ಟಿಕ್ಕುವ ನೀರೂ ಆಗುತ್ತದೆ, ಗಾಳಿಯ ತೇವವೇ ಹನಿಯಾದದ್ದು, ಅದರಲ್ಲಿ ಸುಣ್ಣವೆಲ್ಲಿಂದ ಬರಬೇಕು? ತಕ್ಷಣ ರಬ್ಬರ್ ವೈಪರಿನಲ್ಲಿ ಮೇಲಿನಿಂದ ಕೆಳಗೆ ಎಳೆದು, ಪ್ರತಿ ಸಲ ರಬ್ಬರಿನ ಅಂಚನ್ನು ಬಟ್ಟೆಯಲ್ಲಿ ಒರೆಸಿಕೊಳ್ಳಬೇಕು. ಒರೆಸದೆ ಎಳೆದರೆ ಅಂಚಿನ ನೀರೇ ಮುಂದಿನ ಗೆರೆ.

ಸ್ನಾನದ ಬಾಗಿಲಿಗೂ ಒಂದು ಪುಟ್ಟ ವೈಪರ್ ನೇತುಹಾಕಿದ್ದೇವೆ. ಸ್ನಾನ ಮುಗಿಸಿದವರು ಎಳೆದು ಬರಬೇಕು, ಕಾಯ್ದೆ. ಊರಿಂದ ಬಂದ ಚಿಕ್ಕಪ್ಪ ಅದನ್ನು ನೋಡಿ, “ಬೆಂಗಳೂರಲ್ಲಿ ಮೈ ಒರೆಸೋಕೂ ಇದೇನೇನಮ್ಮಾ?” ಎಂದು ಒಳಗಿನಿಂದಲೇ ಕೂಗಿ ಕೇಳಿದರು.

ಬಾಗಿಲಿನ ಕೆಳಮೂಲೆಯಲ್ಲಿ ಅಂಗೈಯಗಲದ ಒಂದು ಮಬ್ಬು ಮಾತ್ರ ಹೋಗಲೇ ಇಲ್ಲ. ಹುಳಿ ಹಾಕಿದರೆ ಗುಳ್ಳೆ ಇಲ್ಲ, ಉಗುರಾಡಿಸಿದರೆ ತರಿಯಿಲ್ಲ, ನುಣ್ಣಗಿದೆ. ಅಂದರೆ ಮೇಲೆ ಕೂತದ್ದಲ್ಲ, ಗಾಜೇ ಸವೆದದ್ದು. ಅದಕ್ಕೆ ಸೀರಿಯಂ ಆಕ್ಸೈಡ್ ಪುಡಿ ಹಾಕಿ ಮಷೀನಿನಲ್ಲಿ ಪಾಲಿಶ್ ಮಾಡಬೇಕು, ಅದೂ ಸವೆತ ಆಳವಾಗಿಲ್ಲದಿದ್ದರೆ. ಯಜಮಾನರು ಮಷೀನು ಬಾಡಿಗೆಗೆ ಎಲ್ಲಿ ಸಿಗುತ್ತದೆಂದು ಹುಡುಕುತ್ತಾ ಕೂತಿದ್ದರು. ಅಷ್ಟರಲ್ಲಿ ಅತ್ತೆ ಹಿಡಿಕೆಯ ಮೇಲೆ ಉದ್ದನೆಯ ಟವೆಲ್ಲೊಂದನ್ನು ಇಳಿಬಿಟ್ಟು ಬಂದರು.